ನಿಮ್ಮ ಮಾತು ಅವರಿಗೆ ತಲುಪುತ್ತಿದೆಯಾ? ವೀಕ್ ನೆಟ್‌ವರ್ಕ್‌ನಲ್ಲಿ ಸಂದರ್ಶನ ಕೊಡುವುದು ಹೇಗೆ

ವಿಡಿಯೊ ಕಾಲ್‌ನಲ್ಲಿ ಕೆಲಸದ ಸಂದರ್ಶನ ನಡೆಯುತ್ತಿದೆ. ಎದುರಿನವರ ಮುಖ ಚೆನ್ನಾಗಿ ಕಾಣುತ್ತಿದೆ, ಪ್ರಶ್ನೆಯೂ ಸರಿಯಾಗಿ ಕೇಳಿಸಿದೆ. ನೀವು ಎರಡು ನಿಮಿಷ ಉತ್ತರ ಹೇಳಿ ಮುಗಿಸುತ್ತೀರಿ. ಆಗ ಅವರು, ‘ಸಾರಿ, ಏನೂ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳ್ತೀರಾ?’ ಅನ್ನುತ್ತಾರೆ. ಅವರ ಮಾತು ನಿಮಗೆ ಬರುತ್ತಿರುವಾಗ ನಿಮ್ಮ ಮಾತು ಮಾತ್ರ ಯಾಕೆ ಹೋಗಲಿಲ್ಲ?

ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಸಿಗ್ನಲ್ ಕಳಿಸಬಲ್ಲದು. ನಿಮ್ಮ ಕೈಯಲ್ಲಿರುವ ಫೋನಿನ ಗರಿಷ್ಠ ಶಕ್ತಿ ಸುಮಾರು 0.2 ವ್ಯಾಟ್ ಅಷ್ಟೇ. ಹಾಗಾಗಿ ಟವರ್ ದೂರವಿದ್ದರೆ, ನಡುವೆ ದಪ್ಪ ಗೋಡೆ ಇದ್ದರೆ, ಮೊದಲು ಸೋಲುವುದು ಫೋನಿನಿಂದ ಟವರ್ ಕಡೆಗೆ ಹೋಗುವ ದಾರಿ. ಅಂದರೆ ಅಪ್‌ಲೋಡ್. ನಿಮಗೆ ಎಲ್ಲವೂ ಸರಿಯಿದೆ ಅನಿಸುತ್ತಿರುತ್ತದೆ, ಆದರೆ ಅವರ ಕಡೆ ನಿಮ್ಮ ದನಿ ಒಡೆದು ಹೋಗಿರುತ್ತದೆ. ಮುಂದೆ ಹೇಳುವ ಹೆಚ್ಚಿನ ಕೆಲಸಗಳು ಈ ಅಪ್‌ಲೋಡ್ ಉಳಿಸಿಕೊಳ್ಳುವುದಕ್ಕೇ.

ಹಿಂದಿನ ದಿನ: ಜಾಗ ಹುಡುಕಿ

ಫೋನಿನ ಮೇಲೆ ಕಾಣುವ ಕಡ್ಡಿಗಳನ್ನು ನಂಬಬೇಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕು ಅನ್ನುವುದು ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಥರ. ನಿಜವಾದ ಲೆಕ್ಕ ಬೇರೆ ಕಡೆ ಇದೆ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ Settings ಒಳಗೆ About phone, ಅದರೊಳಗೆ SIM status ತೆರೆದರೆ Signal strength ಅಂತ ಒಂದು ಸಂಖ್ಯೆ ಸಿಗುತ್ತದೆ. ಅದು ಮೈನಸ್‌ನಲ್ಲಿ ಇರುತ್ತದೆ, ಪಕ್ಕದಲ್ಲಿ dBm ಎಂದಿರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ −90ರ ಆಸುಪಾಸು ಇದ್ದರೆ ಚಿಂತೆಯಿಲ್ಲ. −110 ದಾಟಿದರೆ ವಿಡಿಯೊ ಕಷ್ಟ. −120ರ ಹತ್ತಿರ ಹೋದರೆ ದನಿಯೂ ಅನುಮಾನವೇ.

ಈ ಸಂಖ್ಯೆ ನೋಡುತ್ತಾ ಮನೆಯೊಳಗೆ ನಿಧಾನವಾಗಿ ಓಡಾಡಿ. ಪ್ರತಿ ಜಾಗದಲ್ಲೂ ಅರ್ಧ ನಿಮಿಷ ನಿಲ್ಲಿ, ಸಂಖ್ಯೆ ಬದಲಾಗಲು ಸ್ವಲ್ಪ ಹೊತ್ತು ಬೇಕು. ಒಳಗಿನ ಕೋಣೆಯಲ್ಲಿ −112 ಇದ್ದದ್ದು ಕಿಟಕಿಯ ಬಳಿ −102 ಆಯಿತು ಅಂದುಕೊಳ್ಳಿ. ಹತ್ತೇ ಅಂಕಿ ಅಲ್ವಾ ಅನಿಸಬಹುದು. ಆದರೆ ಈ ಅಳತೆಯಲ್ಲಿ 10 ಹೆಚ್ಚಾದರೆ ಸಿಗ್ನಲ್ ಶಕ್ತಿ ಹತ್ತು ಪಟ್ಟು ಹೆಚ್ಚಾದಂತೆ. ಕೋಣೆ ಬದಲಿಸಿದರೆ ಸಿಗುವಷ್ಟು ಲಾಭ ಬೇರೆ ಯಾವ ಉಪಾಯದಿಂದಲೂ ಸಿಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಲ್ಯಾಪ್‌ಟಾಪ್‌ನಲ್ಲಿ ಸಂದರ್ಶನವಾದರೆ ಇನ್ನೂ ಅನುಕೂಲ. ನೀವು ಕಿಟಕಿ ಪಕ್ಕದಲ್ಲೇ ಕೂರಬೇಕಿಲ್ಲ, ಫೋನ್ ಕೂತರೆ ಸಾಕು. ಫೋನನ್ನು ಕಿಟಕಿಯ ಬಳಿ ಇಟ್ಟು ಹಾಟ್‌ಸ್ಪಾಟ್ ಕೊಡಿ. ಉದ್ದದ ಯುಎಸ್‌ಬಿ ಕೇಬಲ್ ಇದ್ದರೆ ಅದರ ಮೂಲಕವೇ ಇಂಟರ್‌ನೆಟ್ ಕೊಡುವುದು ಇನ್ನೂ ಭದ್ರ. ಕಿಟಕಿಗೆ ಕಬ್ಬಿಣದ ಸರಳಿದ್ದರೆ ಫೋನ್ ಅದಕ್ಕೆ ತಾಗದಂತೆ ನೋಡಿಕೊಳ್ಳಿ. ಬಿಸಿಲು ಬೀಳುವ ಕಡೆಯೂ ಬೇಡ. ಫೋನ್ ಬಿಸಿಯಾದರೆ ತಾನಾಗಿಯೇ ವೇಗ ತಗ್ಗಿಸುತ್ತದೆ.

ಜಾಗ ಸಿಕ್ಕ ಮೇಲೆ ಸ್ಪೀಡ್ ಟೆಸ್ಟ್ ಮಾಡಿ. ನಾಳೆ 11 ಗಂಟೆಗೆ ಸಂದರ್ಶನವಿದ್ದರೆ ಇವತ್ತು 11ಕ್ಕೇ ಮಾಡಿ, ಯಾಕಂದರೆ ಒಂದೇ ಟವರ್ ಮೇಲಿನ ಜನಜಂಗುಳಿ ಹೊತ್ತಿಗೊಂದು ಥರ ಇರುತ್ತದೆ. ಡೌನ್‌ಲೋಡ್ ಅಂಕಿ ಎಷ್ಟೇ ದೊಡ್ಡದಿರಲಿ, ನೀವು ನೋಡಬೇಕಾದ್ದು ಅಪ್‌ಲೋಡ್. ಬಿಡದೆ 1 ಎಂಬಿಪಿಎಸ್ ಸಿಗುತ್ತಿದ್ದರೆ ವಿಡಿಯೊ ನಡೆಯುತ್ತದೆ. ಅರ್ಧ ಎಂಬಿಪಿಎಸ್‌ಗಿಂತ ಕಡಿಮೆ ಬಂದರೆ ಕ್ಯಾಮೆರಾ ಇಲ್ಲದೆ ಮಾತಾಡಲು ತಯಾರಾಗಿ. ಬರೀ ದನಿಗೆ ಅದರ ಹತ್ತನೇ ಒಂದು ಪಾಲು ಸಾಕು. ಆಮೇಲೆ ಸ್ನೇಹಿತರೊಬ್ಬರ ಜೊತೆ ಅದೇ ಆ್ಯಪ್‌ನಲ್ಲಿ ಹತ್ತು ನಿಮಿಷ ಮಾತಾಡಿ, ನಿಮ್ಮ ದನಿ ಎಲ್ಲೆಲ್ಲಿ ಕಡಿಯಿತು ಎಂದು ಅವರನ್ನು ಕೇಳಿ. ಅದು ನಿಮಗೆ ನೀವೇ ತಿಳಿದುಕೊಳ್ಳಲು ಆಗದ ವಿಷಯ.

5ಜಿ, 4ಜಿ ಗುರುತು ಪದೇ ಪದೇ ಅದಲುಬದಲಾಗುತ್ತಿದ್ದರೆ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ 4ಜಿಗೆ ಇಳಿಸಿಡಿ. ಆ ಅದಲುಬದಲಿನ ಕ್ಷಣದಲ್ಲೇ ಕಾಲ್ ಕಟ್ ಆಗಿಬಿಡಬಹುದು.

ಕಾಗದದ ಮೇಲೆ ಬರೆದಿಡಿ

ಸಂದರ್ಶನದ ಆಹ್ವಾನವನ್ನು ಕೆಳಗಿನವರೆಗೂ ಓದಿ. ಜೂಮ್, ಗೂಗಲ್ ಮೀಟ್, ಟೀಮ್ಸ್ ಆಹ್ವಾನಗಳಲ್ಲಿ ಎಷ್ಟೋ ಸಲ ಲಿಂಕ್‌ನ ಕೆಳಗೆ ಒಂದು ಫೋನ್ ನಂಬರ್, ಮೀಟಿಂಗ್ ಐಡಿ ಅಥವಾ ಪಿನ್ ಇರುತ್ತದೆ. ಸಾಮಾನ್ಯ ಫೋನ್ ಕರೆ ಮಾಡಿಯೇ ಮೀಟಿಂಗ್ ಒಳಗೆ ಸೇರುವ ದಾರಿ ಅದು. ನಂಬರ್ ನಿಮ್ಮ ದೇಶದ್ದೋ ಹೊರದೇಶದ್ದೋ ನೋಡಿಕೊಳ್ಳಿ, ಹೊರದೇಶದ ಕರೆಗೆ ದುಡ್ಡು ಜಾಸ್ತಿ. ಆಹ್ವಾನದಲ್ಲಿ ನಂಬರೇ ಇಲ್ಲದಿದ್ದರೆ ಸಂದರ್ಶನ ಗೊತ್ತುಮಾಡಿದವರಿಗೆ ಮೇಲ್ ಬರೆದು ಕೇಳಿ: ‘ನಮ್ಮ ಕಡೆ ಮೊಬೈಲ್ ನೆಟ್‌ವರ್ಕ್ ಕೆಲವೊಮ್ಮೆ ಕೈಕೊಡುತ್ತದೆ. ವಿಡಿಯೊ ಕಟ್ ಆದರೆ ನಾನು ಕರೆ ಮಾಡಬಹುದಾದ ಒಂದು ಫೋನ್ ನಂಬರ್ ದಯವಿಟ್ಟು ತಿಳಿಸುತ್ತೀರಾ?’ ಇದನ್ನು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಇವೆಲ್ಲವನ್ನೂ ಕಾಗದದ ಮೇಲೆ ದೊಡ್ಡದಾಗಿ ಬರೆದು ಎದುರಿಗೆ ಇಟ್ಟುಕೊಳ್ಳಿ. ಫೋನೇ ಸ್ತಬ್ಧವಾದಾಗ ಫೋನಿನೊಳಗಿರುವ ಮಾಹಿತಿ ಉಪಯೋಗಕ್ಕೆ ಬರುವುದಿಲ್ಲ. ಜೊತೆಗೆ ಸಂದರ್ಶನ ಗೊತ್ತುಮಾಡಿದವರ ಮೊಬೈಲ್‌ಗೆ ಕಳಿಸಲು ಒಂದು ಎಸ್ಸೆಮ್ಮೆಸ್ ಟೈಪ್ ಮಾಡಿ ಡ್ರಾಫ್ಟ್‌ನಲ್ಲಿ ಇಡಿ: ‘ಕರೆ ಕಟ್ ಆಗಿದೆ. ಎರಡು ನಿಮಿಷದಲ್ಲಿ ಮತ್ತೆ ಸೇರುತ್ತೇನೆ. ಆಗದಿದ್ದರೆ ಫೋನ್ ಕರೆ ಮೂಲಕ ಬರುತ್ತೇನೆ.’ ಕೆಳಗೆ ನಿಮ್ಮ ಹೆಸರು ಇರಲಿ.

ಸಂದರ್ಶನಕ್ಕೆ ಅರ್ಧ ಗಂಟೆ ಮುಂಚೆ ಫೋಟೊ ಬ್ಯಾಕಪ್, ಆ್ಯಪ್ ಅಪ್‌ಡೇಟ್ ನಿಲ್ಲಿಸಿ. ಫೋಟೊ ಬ್ಯಾಕಪ್ ನಿಮಗಿರುವ ಚೂರು ಅಪ್‌ಲೋಡನ್ನೂ ತಿಂದುಹಾಕುತ್ತದೆ. ಎರಡು ಸಿಮ್ ಇದ್ದರೆ ಡೇಟಾ ಇಲ್ಲದ ಸಿಮ್ ಆಫ್ ಮಾಡಿ. ಆ ಸಿಮ್‌ಗೆ ಬಂದ ಕರೆ ಎತ್ತಿದರೆ ಎಷ್ಟೋ ಫೋನ್‌ಗಳಲ್ಲಿ ಇನ್ನೊಂದರ ಡೇಟಾ ನಿಂತುಹೋಗುತ್ತದೆ. ಡೇಟಾ ಇರುವ ಸಿಮ್‌ನಲ್ಲಿ ವೋಲ್ಟಿ, ಅಂದರೆ ಸಾಮಾನ್ಯ ಫೋನ್ ಕರೆಯನ್ನು 4ಜಿ ಮೂಲಕವೇ ಕಳಿಸುವ ಸೌಲಭ್ಯ, ಆನ್ ಇದೆಯಾ ನೋಡಿ, ಅದರ ಉಪಯೋಗ ಆಮೇಲೆ ಹೇಳುತ್ತೇನೆ. ಚಾರ್ಜ್ ಪೂರ್ತಿ ಇರಲಿ. ಸಿಗ್ನಲ್ ಕಡಿಮೆ ಇದ್ದಾಗ ಫೋನ್ ಹೆಚ್ಚು ಶಕ್ತಿ ಹಾಕಿ ಟವರ್‌ನ ಜೊತೆ ಮಾತಾಡುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ.

ಮೊದಲ ನಿಮಿಷದಲ್ಲೇ ಹೇಳಿಬಿಡಿ

ನಮಸ್ಕಾರ ಆದ ಕೂಡಲೇ ಒಂದು ಮಾತು: ‘ಇಲ್ಲಿ ನೆಟ್‌ವರ್ಕ್ ಸ್ವಲ್ಪ ವೀಕ್ ಇದೆ ಮೇಡಂ. ಕಟ್ ಆದರೆ ನಾನೇ ವಾಪಸ್ ಸೇರುತ್ತೇನೆ, ತಾವು ಕರೆ ಮಾಡುವುದು ಬೇಡ.’ ಕೊನೆಯ ಭಾಗವನ್ನು ಮರೆಯಬೇಡಿ. ಯಾರು ಯಾರಿಗೆ ಮಾಡಬೇಕು ಎಂದು ಮೊದಲೇ ಗೊತ್ತಾಗದಿದ್ದರೆ ಇಬ್ಬರೂ ಒಟ್ಟಿಗೆ ಮಾಡುತ್ತಾರೆ. ಇಬ್ಬರಿಗೂ ಬ್ಯುಸಿ ಅಂತ ಬರುತ್ತದೆ, ಇಲ್ಲವೇ ಇಬ್ಬರೂ ಸುಮ್ನೆ ಕಾಯುತ್ತಾ ಕೂರುತ್ತಾರೆ.

ಉತ್ತರ ಹೇಳುವಾಗ ಮುಖ್ಯ ಮಾತು ಮೊದಲು ಬರಲಿ, ವಿವರ ಆಮೇಲೆ. ‘ಹಿಂದಿನ ಕೆಲಸ ಬಿಟ್ಟದ್ದು ರಾತ್ರಿ ಪಾಳಿ ಆಗದಿದ್ದಕ್ಕೆ’ ಎಂದು ಮೊದಲೇ ಹೇಳಿದರೆ, ಮುಂದಿನ ನಾಲ್ಕು ವಾಕ್ಯ ಕಡಿದುಹೋದರೂ ಅವರಿಗೆ ಉತ್ತರ ಸಿಕ್ಕಿರುತ್ತದೆ. ಅವರ ಮಾತು ಮುಗಿಯಿತು ಅನಿಸಿದ ಮೇಲೆ ಒಂದು ಉಸಿರು ತಡೆದು ಶುರು ಮಾಡಿ. ಮಾತು ತಡವಾಗಿ ತಲುಪುವ ಲೈನಿನಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಮಾತಾಡುವುದು ಇದರಿಂದ ತಪ್ಪುತ್ತದೆ. ವಾಕ್ಯಕ್ಕೊಮ್ಮೆ ‘ಕೇಳಿಸ್ತಾ ಇದೆಯಾ?’ ಅನ್ನುವುದು ಬೇಡ. ಉತ್ತರದ ಕೊನೆಗೆ ಒಮ್ಮೆ ಕೇಳಿದರೆ ಸಾಕು.

ದನಿ ಒಡೆಯುತ್ತಿದೆ ಎಂದು ಅವರು ಹೇಳಿದ ಕೂಡಲೇ, ‘ಕ್ಯಾಮೆರಾ ಆಫ್ ಮಾಡಲಾ, ದನಿ ಸರಿಹೋಗುತ್ತದೆ’ ಎಂದು ಕೇಳಿ ಆಫ್ ಮಾಡಿ. ಎರಡನೇ ಸಲ ಹೇಳುವವರೆಗೆ ಕಾಯಬೇಡಿ. ಸ್ಕ್ರೀನ್ ಶೇರ್ ಮಾಡುವುದಿದ್ದರೂ ಅಪ್‌ಲೋಡೇ ಖರ್ಚಾಗುವುದು. ತೋರಿಸಬೇಕಾದ ಫೈಲನ್ನು ಮುಂಚೆಯೇ ಮೇಲ್ ಮಾಡಿದ್ದರೆ ‘ಮೂರನೇ ಪುಟ ನೋಡಿ’ ಎಂದು ಬಾಯಲ್ಲೇ ಹೇಳಬಹುದು.

ಕಟ್ ಆಯಿತು, ಈಗ?

ಗಂಟೆ 11:14. ನೀವು ಉತ್ತರದ ಮಧ್ಯದಲ್ಲಿದ್ದೀರಿ. ಎದುರಿನ ಮುಖ ಅಲುಗಾಡದೆ ನಿಂತಿತು, Reconnecting ಎಂದು ಬಂತು. ಮೊದಲು ಮಾತು ನಿಲ್ಲಿಸಿ. ಎಲ್ಲಿಗೆ ನಿಲ್ಲಿಸಿದಿರಿ ಅನ್ನುವುದನ್ನು ಒಂದು ಪದದಲ್ಲಿ ಕಾಗದದ ಮೇಲೆ ಗೀಚಿಕೊಳ್ಳಿ. ಆಮೇಲೆ ಇಪ್ಪತ್ತರವರೆಗೆ ಎಣಿಸಿ. ಆ್ಯಪ್ ತಾನೇ ಮತ್ತೆ ಸೇರಲು ನೋಡುತ್ತಿರುತ್ತದೆ, ಅವಸರಪಟ್ಟು ಹೊರಬಂದರೆ ಮತ್ತೆ ಅವರು ಒಳಗೆ ಬಿಡುವವರೆಗೆ ಕಾಯಬೇಕಾಗುತ್ತದೆ.

ಎಣಿಸಿದರೂ ಬರಲಿಲ್ಲವೇ? ಡ್ರಾಫ್ಟ್‌ನಲ್ಲಿರುವ ಎಸ್ಸೆಮ್ಮೆಸ್ ಕಳಿಸಿ. ಅದಕ್ಕೆ ಇಂಟರ್‌ನೆಟ್ ಬೇಡ, ವಾಟ್ಸ್‌ಆ್ಯಪ್ ಹೋಗದ ಕಡೆಯೂ ಎಷ್ಟೋ ಸಲ ಅದು ಹೋಗುತ್ತದೆ. ಮೆಸೇಜ್ ಹೋದದ್ದು ನೋಡಿಕೊಂಡು ಏರ್‌ಪ್ಲೇನ್ ಮೋಡ್ ಆನ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆಫ್ ಮಾಡಿ. ಆಗ ಫೋನ್ ಹಳೆಯ ಸಂಪರ್ಕ ಬಿಟ್ಟು ಹೊಸದಾಗಿ ಟವರ್ ಹುಡುಕಿಕೊಳ್ಳುತ್ತದೆ. 4ಜಿ ಗುರುತು ಬಂದ ಮೇಲೆ ಅದೇ ಲಿಂಕ್‌ನಲ್ಲಿ ಸೇರಿ. ಈ ಸಲ ಕ್ಯಾಮೆರಾ ಆಫ್ ಇಟ್ಟುಕೊಂಡೇ ಹೋಗಿ. ಇಷ್ಟಕ್ಕೆ ಒಂದೂವರೆ ನಿಮಿಷ ಹಿಡಿಯುತ್ತದೆ.

11:16 ಆದರೂ ಒಳಗೆ ಹೋಗಲು ಆಗದಿದ್ದರೆ ಲಿಂಕ್ ಬಿಟ್ಟುಬಿಡಿ. ಕಾಗದದಲ್ಲಿರುವ ನಂಬರ್ ಒತ್ತಿ, ಅದು ಕೇಳಿದಾಗ ಮೀಟಿಂಗ್ ಐಡಿ ಅಥವಾ ಪಿನ್ ಹಾಕಿ # ಒತ್ತಿ. ಡೇಟಾ ಸತ್ತ ಜಾಗದಲ್ಲಿ ಫೋನ್ ಕರೆ ಹೇಗೆ ನಡೆಯುತ್ತದೆ ಎಂದು ಕೇಳಬಹುದು. ಆ್ಯಪ್‌ನ ಮಾತು ಉಳಿದೆಲ್ಲರ ವಿಡಿಯೊ, ಡೌನ್‌ಲೋಡ್‌ಗಳ ಜೊತೆ ಒಂದೇ ಸಾಲಿನಲ್ಲಿ ಕಾಯಬೇಕು. ವೋಲ್ಟಿ ಕರೆಗೆ ಮಾತ್ರ ನೆಟ್‌ವರ್ಕ್ ಬೇರೆಯೇ ದಾರಿ ಬಿಟ್ಟು, ಮೊದಲು ಕಳಿಸುತ್ತದೆ. ದನಿಗೆ ಬೇಕಾದ ಡೇಟಾ ಕೂಡ ಬಹಳ ಕಡಿಮೆ. ಒಳಗೆ ಹೋದ ಮೇಲೆ ಅವರಿಗೆ ನಿಮ್ಮ ದನಿ ಕೇಳದಿದ್ದರೆ *6 ಒತ್ತಿ ನೋಡಿ, ಮ್ಯೂಟ್ ಆಗಿರಬಹುದು. ಆದರೆ ಸಿಗ್ನಲ್ ಪೂರ್ತಿ ಮಾಯವಾಗಿದ್ದರೆ ಇದೂ ನಡೆಯುವುದಿಲ್ಲ. ಆಗ ಬೇರೆ ಕಂಪನಿಯ ಸಿಮ್ ಇರುವ ಮನೆಯವರ ಫೋನ್ ಪಕ್ಕದಲ್ಲಿದ್ದರೆ ಬಚಾವ್.

ಮರಳಿ ಸೇರಿದಾಗ ಉದ್ದಕ್ಕೆ ಕ್ಷಮೆ ಕೇಳುವುದು ಬೇಡ. ‘ಕಟ್ ಆಗಿತ್ತು ಮೇಡಂ, ಸಾರಿ. ಸ್ಟಾಕ್ ಲೆಕ್ಕ ತಪ್ಪಿದ ವಿಷಯ ಹೇಳುತ್ತಿದ್ದೆ. ಎಲ್ಲಿಯವರೆಗೆ ಕೇಳಿಸಿತು?’ ಎಂದು ಕೇಳಿ, ಅವರು ಹೇಳಿದ ಕಡೆಯಿಂದ ಮುಂದುವರಿಸಿ. ನೀವು ಬಾಯಿ ಮುಚ್ಚಿದ ಜಾಗ ಮತ್ತು ಅವರಿಗೆ ದನಿ ನಿಂತ ಜಾಗ ಒಂದೇ ಆಗಿರುವುದಿಲ್ಲ. ಸಾಮಾನ್ಯವಾಗಿ ಅವರಿಗೆ ಮುಂಚೆಯೇ ನಿಂತಿರುತ್ತದೆ.

ಮೂರನೇ ಸಲವೂ ಕಟ್ ಆದರೆ ಹಠ ಬೇಡ. ‘ಉಳಿದದ್ದನ್ನು ಫೋನ್ ಕರೆಯಲ್ಲಿ ಮುಗಿಸೋಣವೇ? ಇಲ್ಲದಿದ್ದರೆ ನಾಳೆ ಇದೇ ಹೊತ್ತಿಗೆ ಅಥವಾ ಸಂಜೆ 4ಕ್ಕೆ ನಾನು ಬೇರೆ ಜಾಗದಿಂದ ಸೇರಬಲ್ಲೆ’ ಎಂದು ನೀವೇ ಎರಡು ದಾರಿ ಮುಂದಿಡಿ. ಹತ್ತು ಸಲ ಒಡೆದ ಮಾತಿನಿಂದ ಅವರು ನಿಮ್ಮ ಬಗ್ಗೆ ಏನನ್ನೂ ತಿಳಿಯಲಾರರು.

ಮುಗಿದ ಮೇಲೆ ಅದೇ ದಿನ ಒಂದು ಮೇಲ್ ಬರೆಯಿರಿ. ನೆಟ್‌ವರ್ಕ್ ಬಗ್ಗೆ ಒಂದೇ ಸಾಲು ಸಾಕು. ಉಳಿದ ನಾಲ್ಕೈದು ಸಾಲಿನಲ್ಲಿ, ಕಡಿದುಹೋದ ಆ ಉತ್ತರವನ್ನು ಪ್ರಶ್ನೆ ಸಮೇತ ಪೂರ್ತಿ ಬರೆದು ಕಳಿಸಿ.