ಒಲೆಯ ಉರಿ ಹಳದಿಯಾಯಿತೇ? ಗಾಳಿಯ ದಾರಿ ನೋಡಿ

ಎಷ್ಟು ತಿಕ್ಕಿ ತೊಳೆದರೂ ಕುಕ್ಕರಿನ ತಳ ಮರುದಿನಕ್ಕೆ ಮತ್ತೆ ಕಪ್ಪಾಗುತ್ತಿದ್ದರೆ ದೋಷ ಒಲೆಯಲ್ಲಿದೆ. ನಾಬ್‌ನ ಹಿಂದಿನ ಜೆಟ್‌ನ ಸಣ್ಣ ರಂಧ್ರದಿಂದ ಗ್ಯಾಸ್ ರಭಸವಾಗಿ ಹೊರಟು, ಪಕ್ಕದ ಕಿಂಡಿಯಿಂದ ಗಾಳಿಯನ್ನು ಎಳೆದುಕೊಂಡೇ ಬರ್ನರ್ ಸೇರಬೇಕು. ಒಂದು ಪಾಲು ಅಡುಗೆ ಅನಿಲ ಪೂರ್ತಿ ಉರಿಯಲು ಸುಮಾರು 25ರಿಂದ 30 ಪಾಲು ಗಾಳಿ ಬೇಕು. ಗಾಳಿ ಸಾಲದಿದ್ದರೆ ಗ್ಯಾಸಿನಲ್ಲಿರುವ ಇಂಗಾಲ ಅರೆಬರೆ ಉರಿದು ಸಣ್ಣ ಕಣಗಳಾಗುತ್ತದೆ. ಆ ಕಣಗಳು ಕಾದು ಹೊಳೆಯುವುದೇ ಹಳದಿ ಬಣ್ಣ. ಅವೇ ಪಾತ್ರೆಗೆ ಅಂಟಿದರೆ ಮಸಿ.

ಇಂಥ ಉರಿ ನೋಡಲು ದೊಡ್ಡದು, ಆದರೆ ಅದರ ಕಾವು ಕಡಿಮೆ. ಉದ್ದಕ್ಕೆ ಚಾಚಿ ಪಾತ್ರೆಯ ಬದಿಯಿಂದ ಮೇಲೆ ಹೋಗಿಬಿಡುತ್ತದೆ. ತಳದ ಮಸಿ ಬೇರೆ ಶಾಖವನ್ನು ತಡೆಯುತ್ತದೆ. ಕುಕ್ಕರ್ ಕೂಗುವುದು ತಡವಾಯಿತೆಂದು ನಾಬ್ ತಿರುಗಿಸಿ ಉರಿ ಹೆಚ್ಚಿಸಿದರೆ ಗ್ಯಾಸ್ ಇನ್ನಷ್ಟು ಪೋಲಾಗುತ್ತದೆ. ಜೊತೆಗೆ ವಿಷಕಾರಿ ಕಾರ್ಬನ್ ಮೊನಾಕ್ಸೈಡ್ ಕೂಡ ಹೊಮ್ಮುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಒಲೆ ಸರಿಯಾಗುವವರೆಗೂ ಕಿಟಕಿ ತೆರೆದೇ ಅಡುಗೆ ಮಾಡಿ.

ಮೊದಲು ಎರಡೂ ಬರ್ನರ್ ಹಚ್ಚಿ ನೋಡಿ. ಎರಡೂ ಹಳದಿಯಾಗಿದ್ದರೆ ಸಿಲಿಂಡರ್ ಮುಗಿಯುತ್ತಾ ಬಂದಿರಬಹುದು, ಇಲ್ಲವೇ ರೆಗ್ಯುಲೇಟರ್ ಕೆಟ್ಟಿರಬಹುದು. ಒಂದೇ ಬರ್ನರ್ ಪೂರ್ತಿ ಹಳದಿಯಾಗಿದ್ದರೆ ಜೆಟ್‌ನಿಂದ ಆ ಬರ್ನರ್‌ಗೆ ಹೋಗುವ ಟ್ಯೂಬಿನಲ್ಲಿ ಉಕ್ಕಿದ ಹಾಲು, ಜಿಡ್ಡು ಅಥವಾ ಜೇಡರ ಬಲೆ ಕಟ್ಟಿಕೊಂಡಿರುತ್ತದೆ. ಒಂದೇ ಬದಿಯಲ್ಲಿ ಉರಿ ಎದ್ದು ನಿಂತರೆ ಬರ್ನರ್ ಓರೆಯಾಗಿ ಕೂತಿದೆ; ಎತ್ತಿ ಸರಿಯಾಗಿ ಕೂರಿಸಿದರೆ ಸಾಕು. ಉಪ್ಪಿನ ನೀರು ಉಕ್ಕಿದಾಗ ಕ್ಷಣಕಾಲ ಮಿನುಗುವ ಕಿತ್ತಳೆ ಬಣ್ಣಕ್ಕೆ ಹೆದರಬೇಕಿಲ್ಲ, ಅದು ಮಸಿ ಹಿಡಿಸುವುದಿಲ್ಲ.

ಒಂದೇ ಬರ್ನರ್ ಕೆಟ್ಟಿದ್ದರೆ ಮನೆಯಲ್ಲೇ ಸರಿಮಾಡಬಹುದು. ರೆಗ್ಯುಲೇಟರ್ ಆಫ್ ಮಾಡಿ, ಒಲೆ ಪೂರ್ತಿ ಆರಲಿ. ಹಿತ್ತಾಳೆಯ ಬರ್ನರ್ ತೆಗೆದು ಪಾತ್ರೆ ತೊಳೆಯುವ ಸೋಪು ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಒಂದೊಂದೇ ರಂಧ್ರಕ್ಕೆ ಸೂಜಿ ಹಾಕಿ ಕಸ ಬಿಡಿಸಿ, ಹಳೇ ಟೂತ್ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಬೆಳಕಿಗೆ ಹಿಡಿದರೆ ಎಲ್ಲ ರಂಧ್ರಗಳೂ ಕಾಣಬೇಕು. ಒಲೆಯಲ್ಲೇ ಉಳಿದ ಟ್ಯೂಬಿನ ಒಳಗೆ ಒಣಗಿದ ಸಣ್ಣ ಬಾಟಲಿ ಬ್ರಷ್ ಆಡಿಸಿ, ಗಾಳಿಕಿಂಡಿಯ ಧೂಳು ತೆಗೆಯಿರಿ. ಬರ್ನರ್‌ನಲ್ಲಿ ಹನಿ ನೀರೂ ಉಳಿಯದಂತೆ ಬಿಸಿಲಿಗೆ ಒಣಗಿಸಿ. ಒದ್ದೆ ಬರ್ನರ್ ಕೂರಿಸಿದರೆ ಉರಿ ಮತ್ತೆ ಚಟಪಟ ಎನ್ನುತ್ತದೆ.

ಜೆಟ್‌ಗೆ ಮಾತ್ರ ಸೂಜಿ ಹಾಕಲೇಬೇಡಿ. ಆ ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಗ್ಯಾಸ್ ಹೆಚ್ಚಾಗಿ ಬಂದು, ಗಾಳಿ ಸಾಲದೆ ಉರಿ ಮೊದಲಿಗಿಂತ ಹಳದಿಯಾಗುತ್ತದೆ. ಆಮೇಲೆ ಜೆಟ್ ಬದಲಿಸುವುದೊಂದೇ ದಾರಿ, ಅದು ಮೆಕ್ಯಾನಿಕ್ ಕೆಲಸ.

ಬರ್ನರ್ ಮತ್ತೆ ಕೂರಿಸಿ ಹಚ್ಚಿದಾಗ ಪ್ರತಿ ರಂಧ್ರದ ಮೇಲೂ ಮೊನಚಾದ ಪುಟ್ಟ ನೀಲಿ ಉರಿ ನಿಲ್ಲಬೇಕು. ತೊಳೆದ ಸ್ಟೀಲ್ ಪಾತ್ರೆಯಲ್ಲಿ ನೀರು ಕಾಯಿಸಿ, ಆರಿದ ಮೇಲೆ ತಳಕ್ಕೆ ಬಿಳಿ ಬಟ್ಟೆ ಒರೆಸಿ ನೋಡಿ. ಇನ್ನೂ ಕಪ್ಪು ಹತ್ತಿದರೆ ಏಜೆನ್ಸಿಯ ಮೆಕ್ಯಾನಿಕ್‌ನನ್ನು ಕರೆಸಿ. ಗ್ಯಾಸಿನ ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆರೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ.