ಪೀಠಿಕೆಯನ್ನೇ ಮತ್ತೆ ಬರೆಯದ ಉಪಸಂಹಾರ

ಪದವಿ ಪರೀಕ್ಷೆಯ ಇತಿಹಾಸದ ಉತ್ತರ ಪತ್ರಿಕೆಗಳನ್ನು ತಿದ್ದುವವರಿಗೆ ಒಂದು ಅನುಭವ ಸಾಮಾನ್ಯ. ನಾಲ್ಕು ಪುಟ ಶ್ರದ್ಧೆಯಿಂದ ಬರೆದ ವಿದ್ಯಾರ್ಥಿ ಕೊನೆಯ ಪ್ಯಾರಾಕ್ಕೆ ಬಂದ ಕೂಡಲೇ ಮೊದಲ ಪುಟಕ್ಕೆ ಮರಳಿ, ಪೀಠಿಕೆಯ ವಾಕ್ಯಗಳನ್ನೇ ಪದ ಬದಲಿಸಿ ಇಳಿಸಿಬಿಡುತ್ತಾನೆ. ಪ್ರಶ್ನೆ ಕೇಳಿದ್ದು ಏನು ಎಂಬುದು ಅಲ್ಲಿ ಎಲ್ಲಿಯೂ ಕಾಣುವುದಿಲ್ಲ. ಒಂದು ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು, ಉಪಸಂಹಾರವನ್ನು ಹೇಗೆ ಕಟ್ಟಬೇಕೆಂಬುದನ್ನು ನೋಡೋಣ.

ಪ್ರಶ್ನೆ ಹೀಗಿದೆ ಎಂದಿಟ್ಟುಕೊಳ್ಳಿ: ‘ಕರ್ನಾಟಕದ ಏಕೀಕರಣಕ್ಕೆ ಸಾಹಿತ್ಯಕ ಚಳವಳಿಯೇ ಮುಖ್ಯ ಕಾರಣ ಎಂಬ ಮಾತನ್ನು ಎಷ್ಟರ ಮಟ್ಟಿಗೆ ಒಪ್ಪುವಿರಿ?’

ಮೊದಲ ಹೆಜ್ಜೆಯೆಂದರೆ ಪ್ರಶ್ನೆಯಲ್ಲಿ ಎರಡು ಮಾತುಗಳ ಕೆಳಗೆ ಗೆರೆ ಎಳೆಯುವುದು. ಇಲ್ಲಿ ಅವು ‘ಮುಖ್ಯ’ ಮತ್ತು ‘ಎಷ್ಟರ ಮಟ್ಟಿಗೆ’. ಪೀಠಿಕೆ ಹಾಗೂ ವಿಷಯ ನಿರೂಪಣೆಯನ್ನು ಎಂದಿನಂತೆ ಬರೆಯಿರಿ. ಅದು ಹೆಚ್ಚಿನವರಿಗೆ ಬರುತ್ತದೆ.

ಸಾಮಾನ್ಯ ವಿದ್ಯಾರ್ಥಿಯ ಪೀಠಿಕೆ ಹೀಗಿರುತ್ತದೆ: ‘ಬ್ರಿಟಿಷರ ಕಾಲದಲ್ಲಿ ಕನ್ನಡ ಪ್ರದೇಶಗಳು ಮುಂಬೈ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಮುಂತಾದ ಆಡಳಿತಗಳಲ್ಲಿ ಹಂಚಿಹೋಗಿದ್ದವು. ಸಾಹಿತಿಗಳು ಹಾಗೂ ರಾಜಕೀಯ ನಾಯಕರ ಹೋರಾಟದ ಫಲವಾಗಿ 1956ರ ನವೆಂಬರ್ 1ರಂದು ಅವು ಒಂದಾದವು.’ ಮೂರು ಪುಟಗಳ ನಂತರ ಅವನ ಉಪಸಂಹಾರ ಹೀಗಿರುತ್ತದೆ: ‘ಒಟ್ಟಾರೆಯಾಗಿ ಹೇಳುವುದಾದರೆ, ಹರಿದು ಹಂಚಿಹೋಗಿದ್ದ ಕನ್ನಡ ನಾಡು ಸಾಹಿತಿಗಳ ಮತ್ತು ನಾಯಕರ ಅವಿರತ ಶ್ರಮದಿಂದ 1956ರಲ್ಲಿ ಒಂದಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕ ಎಂಬ ಹೆಸರು ಬಂದಿತು.’

ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಉತ್ತರವೂ ಇಲ್ಲ. ಸಾಹಿತಿಗಳ ಪಾಲು ಹೆಚ್ಚೋ ನಾಯಕರ ಪಾಲು ಹೆಚ್ಚೋ ಎಂಬುದೇ ಪ್ರಶ್ನೆಯಾಗಿರುವಾಗ, ಇಬ್ಬರನ್ನೂ ‘ಮತ್ತು’ ಎಂದು ಜೋಡಿಸಿ ಅವನು ನುಣುಚಿಕೊಂಡಿದ್ದಾನೆ. 1973ರ ನಾಮಕರಣವಂತೂ ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ಬಂದು ಕುಳಿತಿದೆ. ಇಂಥ ಉಪಸಂಹಾರವನ್ನು ಪತ್ತೆಹಚ್ಚಲು ಸುಲಭವಾದ ಪರೀಕ್ಷೆಯಿದೆ: ಅದನ್ನು ಎತ್ತಿ ಉತ್ತರದ ಮೊದಲಿಗೆ ಇಟ್ಟು ಓದಿ. ಅಲ್ಲಿಯೂ ಸಲೀಸಾಗಿ ಹೊಂದಿಕೊಂಡರೆ, ನಡುವಿನ ಮೂರು ಪುಟಗಳಿಂದ ಅದು ಏನನ್ನೂ ಪಡೆದಿಲ್ಲ ಎಂದರ್ಥ.

ನಿಜವಾದ ಕಷ್ಟ ಇರುವುದು ಮುಂದಿನ ಹೆಜ್ಜೆಯಲ್ಲಿ. ಪೆನ್ನು ಕೆಳಗಿಟ್ಟು, ಉತ್ತರದ ಪ್ರತಿ ಪ್ಯಾರಾವನ್ನೂ ಪ್ರಶ್ನೆಯ ಎದುರು ನಿಲ್ಲಿಸಿ, ‘ಇದು ಆ ಮಾತನ್ನು ಬಲಪಡಿಸಿತೋ ದುರ್ಬಲಗೊಳಿಸಿತೋ’ ಎಂದು ಕೇಳಬೇಕು. ಪ್ಯಾರಾದಲ್ಲಿ ಏನಿದೆ ಎಂದು ಕೇಳಿಕೊಂಡರೆ ಸಾರಾಂಶ ಹುಟ್ಟುತ್ತದೆ. ಅದು ಏನನ್ನು ಸಾಧಿಸಿತು ಎಂದು ಕೇಳಿಕೊಂಡರೆ ಮಾತ್ರ ನಿಲುವು ಹುಟ್ಟುತ್ತದೆ.

ನಮ್ಮ ಪ್ರಶ್ನೆಯಲ್ಲಿಯೇ ಇದನ್ನು ಮಾಡಿ ನೋಡೋಣ. ಮೊದಲ ಪ್ಯಾರಾದಲ್ಲಿ 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, 1915ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸಾಹಿತ್ಯ ಪರಿಷತ್ತು, ಆಲೂರು ವೆಂಕಟರಾಯರ ಬರವಣಿಗೆ ಇವೆ. ಇವು ಬೇರೆ ಬೇರೆ ಆಡಳಿತಗಳ ಜನರಿಗೆ ತಾವೆಲ್ಲರೂ ಒಂದೇ ನಾಡಿನವರು ಎಂಬ ಅರಿವು ಕೊಟ್ಟವು. ಆದ್ದರಿಂದ ಈ ಪ್ಯಾರಾ ಪ್ರಶ್ನೆಯ ಮಾತನ್ನು ಬಲಪಡಿಸುತ್ತದೆ. ಎರಡನೆಯದರಲ್ಲಿ 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ತನ್ನ ಪ್ರಾಂತೀಯ ಸಮಿತಿಗಳನ್ನು ಭಾಷೆಯ ಆಧಾರದ ಮೇಲೆ ರಚಿಸಲು ಒಪ್ಪಿದ್ದು, 1924ರ ಬೆಳಗಾವಿ ಅಧಿವೇಶನದ ವೇಳೆಯಲ್ಲಿಯೇ ಏಕೀಕರಣ ಸಮ್ಮೇಳನ ನಡೆದದ್ದು ಇವೆ. ಇಲ್ಲಿ ಸಾಹಿತ್ಯಕ ಅರಿವು ರಾಜಕೀಯ ಬೇಡಿಕೆಯಾಗಿ ಮಾರ್ಪಟ್ಟಿತು; ಅಂದರೆ ಈ ಪ್ಯಾರಾ ಅರ್ಧ ಬಲಪಡಿಸಿ ಅರ್ಧ ಸಡಿಲಗೊಳಿಸುತ್ತದೆ. ಮೂರನೆಯದರಲ್ಲಿ ತೆಲುಗರಿಗೆ ಪ್ರತ್ಯೇಕ ರಾಜ್ಯ ಬೇಕೆಂದು ಉಪವಾಸ ಕುಳಿತ ಪೊಟ್ಟಿ ಶ್ರೀರಾಮುಲು ಅವರು 1952ರ ಡಿಸೆಂಬರಿನಲ್ಲಿ ತೀರಿಕೊಂಡದ್ದು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದದ್ದು, ಅದೇ ವರ್ಷ ರಾಜ್ಯಗಳ ಪುನರ್ವಿಂಗಡಣೆಗಾಗಿ ಫಜಲ್ ಅಲಿ ಆಯೋಗ ನೇಮಕವಾದದ್ದು ಇವೆ. ದಶಕಗಳ ಬೇಡಿಕೆಗೆ ಕದಲದಿದ್ದ ಗಡಿಗಳು ಈ ನಾಲ್ಕು ವರ್ಷಗಳೊಳಗೆ ಬದಲಾದವು. ಇದು ‘ಮುಖ್ಯ ಕಾರಣ’ ಎಂಬ ಮಾತಿಗೆ ನೇರವಾಗಿಯೇ ಅಡ್ಡ ಬರುತ್ತದೆ.

ಈಗ ಮೂರನ್ನೂ ತೂಗಿ ಒಂದೇ ವಾಕ್ಯ ಬರೆಯಿರಿ, ಆ ವಾಕ್ಯದಲ್ಲಿ ಪ್ರಶ್ನೆಯ ಗೆರೆ ಎಳೆದ ಮಾತುಗಳಿಗೆ ಉತ್ತರ ಇರಲೇಬೇಕು: ‘ಏಕೀಕರಣದ ಬೇಡಿಕೆಯನ್ನು ಹುಟ್ಟಿಸಿದ ಮಟ್ಟಿಗೆ ಸಾಹಿತ್ಯಕ ಚಳವಳಿಯೇ ಮುಖ್ಯ, ಆದರೆ ಆ ಬೇಡಿಕೆ 1956ರಲ್ಲಿಯೇ ಈಡೇರಿದ್ದಕ್ಕೆ ಅದು ಕಾರಣವಲ್ಲ.’ ಇಲ್ಲಿ ‘ಎಷ್ಟರ ಮಟ್ಟಿಗೆ’ ಎಂಬುದಕ್ಕೆ ಗಡಿ ಸಿಕ್ಕಿದೆ. ‘ಸ್ವಲ್ಪ ಮಟ್ಟಿಗೆ ಒಪ್ಪುತ್ತೇನೆ’ ಎಂದು ಬರೆದರೆ ಸಿಗುತ್ತಿರಲಿಲ್ಲ, ಏಕೆಂದರೆ ಯಾವ ಭಾಗವನ್ನು ಒಪ್ಪುತ್ತೀರಿ, ಯಾವುದನ್ನು ಬಿಡುತ್ತೀರಿ ಎಂಬುದು ಅದರಿಂದ ತಿಳಿಯುವುದಿಲ್ಲ. ಎಲ್ಲರೂ ಇದೇ ನಿಲುವಿಗೆ ಬರಬೇಕೆಂದಿಲ್ಲ. ಅರಿವೇ ಇಲ್ಲದಿದ್ದರೆ ಆಯೋಗದ ಮುಂದೆ ಕನ್ನಡಿಗರ ವಾದವೇ ಇರುತ್ತಿರಲಿಲ್ಲ, ಆದ್ದರಿಂದ ಮುಖ್ಯ ಕಾರಣ ಅದೇ ಎಂದೂ ವಾದಿಸಬಹುದು. ಹಾಗೆ ವಾದಿಸುವವರು ಮೂರನೆಯ ಪ್ಯಾರಾಕ್ಕೆ ಏನು ಸಮಾಧಾನ ಹೇಳುತ್ತಾರೆ ಎಂಬುದು ಅವರ ಉಪಸಂಹಾರದಲ್ಲಿ ಕಾಣಬೇಕು.

ಆ ವಾಕ್ಯವನ್ನು ಹಿಗ್ಗಿಸಿದರೆ ಪ್ಯಾರಾ ಸಿದ್ಧ: ‘ಏಕೀಕರಣದ ಬೇಡಿಕೆಯನ್ನು ಹುಟ್ಟಿಸಿದ ಮಟ್ಟಿಗೆ ಸಾಹಿತ್ಯಕ ಚಳವಳಿಯೇ ಮುಖ್ಯ ಕಾರಣ, ಧಾರವಾಡದ ಸಂಘವಾಗಲಿ ಬೆಂಗಳೂರಿನ ಪರಿಷತ್ತಾಗಲಿ ಇಲ್ಲದಿದ್ದರೆ ಬೆಳಗಾವಿಯ ಸಮ್ಮೇಳನಕ್ಕೆ ಹೇಳಲು ಮಾತೇ ಇರುತ್ತಿರಲಿಲ್ಲ. ಆದರೆ ಚಳವಳಿ ಸಕ್ರಿಯವಾಗಿದ್ದ ದೀರ್ಘ ಅವಧಿಯಲ್ಲಿ ಗಡಿಗಳು ಬದಲಾಗದೆ, ಆಂಧ್ರದ ಘಟನೆಗಳ ನಂತರ ಬೇಗನೆ ಬದಲಾದದ್ದನ್ನು ನೋಡಿದರೆ, ಬೇಡಿಕೆ ಈಡೇರಿದ ಕಾಲವನ್ನು ನಿರ್ಧರಿಸಿದ್ದು ಕೇಂದ್ರದ ರಾಜಕೀಯವೇ ಎನ್ನಬೇಕಾಗುತ್ತದೆ.’ ಇದನ್ನು ಪೀಠಿಕೆಯ ಜಾಗದಲ್ಲಿ ಇಟ್ಟು ಓದಿ. ‘ಬೆಳಗಾವಿಯ ಸಮ್ಮೇಳನ’, ‘ಆಂಧ್ರದ ಘಟನೆಗಳು’ ಎಂದರೆ ಯಾವುವು ಎಂದು ಓದುಗ ತಡವರಿಸುತ್ತಾನೆ. ಹಾಗೆ ತಡವರಿಸಿದರೆ ಉಪಸಂಹಾರ ತನ್ನ ಜಾಗದಲ್ಲಿದೆ.

ಎರಡು ಸಾಕು, ಹೆಚ್ಚೆಂದರೆ ನಾಲ್ಕು ವಾಕ್ಯ. ಹೊಸ ಇಸವಿ, ಹೊಸ ಹೆಸರು ಇಲ್ಲಿ ಬೇಡ. ಅಷ್ಟು ಮುಖ್ಯವಾದದ್ದಾದರೆ ನಿರೂಪಣೆಗೆ ಸೇರಿಸಿ. ‘ಒಟ್ಟಾರೆಯಾಗಿ ಹೇಳುವುದಾದರೆ’ ಎಂಬ ಆರಂಭವನ್ನು ನಾನಂತೂ ಹೊಡೆದುಹಾಕುತ್ತೇನೆ, ಏಕೆಂದರೆ ಅದರ ಹಿಂದೆ ಸಾರಾಂಶವೇ ಬರುತ್ತದೆ. ಮಾರುಕಟ್ಟೆಯ ಗೈಡುಗಳಲ್ಲಿ ಸಿಗುವ, ಯಾವ ಚಳವಳಿಗೂ ಹೊಂದುವ ಸಿದ್ಧ ಉಪಸಂಹಾರಗಳನ್ನು ಬಾಯಿಪಾಠ ಮಾಡುವುದು ಇನ್ನೂ ಕೆಟ್ಟದ್ದು: ‘ನಾಡುನುಡಿಯ ಇತಿಹಾಸದಲ್ಲಿ ಸುವರ್ಣಾಕ್ಷರಗಳಿಂದ ಬರೆದಿಡಬೇಕಾದ’ ಎಂಬ ಸಾಲು ಒಂದೇ ಕಟ್ಟಿನ ಉತ್ತರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಂಡಾಗ ಮೌಲ್ಯಮಾಪಕರಿಗೆ ಅದರ ಮೂಲ ಗೊತ್ತಾಗುತ್ತದೆ. ಕವಿತೆಯ ಸಾಲಿನಿಂದ ಮುಗಿಸುವುದೂ ಬೇಡ. ಉತ್ತರ ಹೇಳಬೇಕಾದವರು ನೀವು, ಕವಿಯಲ್ಲ.

ಎಲ್ಲ ಪ್ರಶ್ನೆಗಳಿಗೂ ಇದೇ ಅಳತೆ ಹೊಂದುವುದಿಲ್ಲ. ‘ವಿವರಿಸಿ’ ಎಂದಷ್ಟೇ ಕೇಳಿದಾಗ ತೂಗಲು ಏನೂ ಇರುವುದಿಲ್ಲ. ಅಲ್ಲಿ ವಿವರಿಸಿದ ಸಂಗತಿಗಳಲ್ಲಿ ಯಾವುದು ಯಾವುದಕ್ಕೆ ದಾರಿಮಾಡಿತು ಎಂದು ಒಂದು ವಾಕ್ಯದಲ್ಲಿ ಹೇಳಿ ನಿಲ್ಲಿಸಿದರೆ ಸಾಕು. ಐದು ಅಂಕದ ಉತ್ತರಕ್ಕೆ ಪ್ರತ್ಯೇಕ ಉಪಸಂಹಾರವೇ ಬೇಕಿಲ್ಲ.

ಸಮಯದ ಮಾತು ಉಳಿಯಿತು. ತೂಗುವ ಕೆಲಸವನ್ನು ಕೊನೆಗೆ ಬಿಟ್ಟರೆ ಗಂಟೆ ಹೊಡೆಯುವ ಹೊತ್ತಿಗೆ ಕೈಗೆ ಸಿಗುವುದು ಪೀಠಿಕೆಯ ವಾಕ್ಯಗಳೇ. ಆದ್ದರಿಂದ ಪ್ರಶ್ನೆ ಓದಿ ಅಂಶಗಳನ್ನು ಗುರುತು ಹಾಕಿಕೊಳ್ಳುವಾಗಲೇ, ಪ್ರತಿ ಅಂಶದ ಪಕ್ಕದಲ್ಲಿ ‘ಪರ’, ‘ವಿರುದ್ಧ’ ಅಥವಾ ‘ಅರ್ಧ’ ಎಂದು ಪೆನ್ಸಿಲಿನಲ್ಲಿ ಬರೆದು, ನಿಲುವಿನ ವಾಕ್ಯವನ್ನು ಉತ್ತರ ಪತ್ರಿಕೆಯ ಕಚ್ಚಾ ಕೆಲಸದ ಪುಟದಲ್ಲಿ ಮೊದಲೇ ಬರೆದಿಡಿ. ಬರೆಯುತ್ತ ಹೋದಂತೆ ನಿಲುವು ಬದಲಾದರೆ ಆ ವಾಕ್ಯವನ್ನು ತಿದ್ದಿಕೊಳ್ಳಿ, ಕೊನೆಯ ಐದು ನಿಮಿಷಗಳಲ್ಲಿ ಅದನ್ನು ಬಿಡಿಸಿ ಬರೆಯಿರಿ.