ಫೆಬ್ರವರಿ 14ರ ಬೇಕರಿ ಆಫರ್ ಬರೆಯೋದು ಹೇಗೆ? ಜೋಡಿ ಯಾರು ಅಂತಲ್ಲ, ಎಷ್ಟು ಜನ ಅಂತ ಕೇಳಿ

ದಾವಣಗೆರೆಯ ವಿದ್ಯಾನಗರದ ಕಡೆ ಒಂದು ಸಣ್ಣ ಬೇಕರಿ ಇದೆ. ಸುತ್ತ ಹಾಸ್ಟೆಲ್, ಪಿಜಿ, ಅವುಗಳ ಹಿಂದಿನ ಬೀದಿಗಳಲ್ಲಿ ಮನೆಗಳು. ಅವರ ಬೋರ್ಡು, ವಾಟ್ಸಾಪ್ ಮೆಸೇಜು ಬರೆದುಕೊಡುವವನು ನಾನು. 2026ರ ಫೆಬ್ರವರಿಗೆ ನಾನು ಬರೆದದ್ದು ಇಷ್ಟು: "ಪ್ರೇಮಿಗಳ ದಿನದ ಸ್ಪೆಷಲ್! ನಿಮ್ಮ ಹುಡುಗಿಗೆ ಹಾರ್ಟ್ ಕೇಕ್. ಕಪಲ್ಸ್‌ಗೆ ಮಾತ್ರ 20% ರಿಯಾಯಿತಿ."

ಸಂಜೆ ಒಬ್ಬ ಅಜ್ಜಿ ಮೊಮ್ಮಗಳ ಕೈಲಿ ಬೋರ್ಡು ಓದಿಸಿ, "ಜೋಡಿ ಬಂದ್ರೆ ಮಾತ್ರ ಕೊಡ್ತೀರೇನ್ರೀ?" ಅಂದರು. ಮಾಲೀಕರು ನಕ್ಕು ರಿಯಾಯಿತಿ ಕೊಟ್ಟರು. ಆಮೇಲೆ ಒಂದೇ ರೂಮಿನ ನಾಲ್ಕು ಹುಡುಗಿಯರು ಬಂದು, "ಅಣ್ಣಾ, ಎರಡು ಕಪಲ್ ಅಂತ ಬರ್ಕೊಳ್ಳಿ" ಅಂತ ತಮಾಷೆ ಮಾಡಿದಾಗ ಕೌಂಟರಿನ ಹುಡುಗನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ತಪ್ಪು ಅವನದಲ್ಲ. "ಮಾತ್ರ" ಅಂತ ಬರೆದವನು ನಾನು.

ಹಾಗಾದರೆ ಹೇಗೆ ಬರೆಯಬೇಕಿತ್ತು? ಅದೇ ಮೆಸೇಜನ್ನು 2027ಕ್ಕೆ ತಿದ್ದಿ ತೋರಿಸುತ್ತೇನೆ. ಆ ವರ್ಷ 14ನೇ ತಾರೀಕು ಭಾನುವಾರ. ಕಾಲೇಜಿಗೆ ರಜೆ, ಮನೆಮಂದಿ ಮನೆಯಲ್ಲೇ ಇರುತ್ತಾರೆ.

ಮೊದಲು ದಿನದ ಹೆಸರು. ನಮ್ಮ ಭಾಷೆಯಲ್ಲಿ ಒಂದು ಸಣ್ಣ ತೊಡಕಿದೆ. "ಪ್ರೇಮಿಗಳ ದಿನ" ಅಂದ ತಕ್ಷಣ ಅಮ್ಮ, ತಂಗಿ, ಗೆಳತಿ ಎಲ್ಲರೂ ಬಾಗಿಲಾಚೆ ನಿಂತಂತೆ. "ಪ್ರೀತಿ" ಹಾಗಲ್ಲ, ಅದನ್ನು ಅಜ್ಜಿಗೂ ಹೇಳಬಹುದು, ಗೆಳೆಯನಿಗೂ ಹೇಳಬಹುದು. ಇನ್ನೂ ಸುಲಭದ ದಾರಿ ಅಂದರೆ ಸುಮ್ನೆ "ಫೆಬ್ರವರಿ 14" ಅಂತ ಬರೆಯುವುದು. ಅದು ಯಾವ ದಿನ ಅಂತ ಗೊತ್ತಿಲ್ಲದವರು ಯಾರೂ ಇಲ್ಲ. "ನಿಮ್ಮ ಹುಡುಗಿಗೆ" ಅನ್ನುವುದನ್ನೂ ತೆಗೆಯಿರಿ. ಕೊಳ್ಳುವವರು ಗಂಡಸರೇ ಅಂತ ನಾವೇ ತೀರ್ಮಾನ ಮಾಡಿದ ಹಾಗಾಗುತ್ತದೆ. "ನಿಮ್ಮವರಿಗೆ" ಅನ್ನಿ ಸಾಕು. ಮದುವೆಯಾಗಿ ಇಪ್ಪತ್ತು ವರ್ಷವಾದ ಹೆಂಗಸು ಗಂಡನನ್ನು "ನಮ್ಮವರು" ಅಂತಲೇ ಕರೆಯುತ್ತಾಳೆ, ನಿನ್ನೆ ಮೊನ್ನೆ ಪ್ರೀತಿಸಿದವರಿಗೂ ಅದೇ ಮಾತು ಒಗ್ಗುತ್ತದೆ.

"ಸಿಂಗಲ್ಸ್‌ಗೂ ಆಫರ್ ಇದೆ, ಬೇಜಾರಾಗಬೇಡಿ!" ಅಂತ ಸೇರಿಸುವವರಿದ್ದಾರೆ. ದಯವಿಟ್ಟು ಬೇಡ. ಗೆಳತಿಗೆ ಕೇಕ್ ಕೊಡಲು ಬಂದವಳಿಗೆ ಬೇಜಾರೇನೂ ಇರುವುದಿಲ್ಲ, ನಾವೇ ನೆನಪಿಸಿ ಮಾಡಿಸುತ್ತೇವೆ.

ಆಮೇಲೆ ಪಟ್ಟಿ. ಮುಖ್ಯ ಕೆಲಸ ಇಲ್ಲಿದೆ. ಹೆಚ್ಚಿನ ಅಂಗಡಿಗಳವರು ಕಪಲ್ ಕೇಕ್, ಫ್ರೆಂಡ್ಸ್ ಕೇಕ್, ಫ್ಯಾಮಿಲಿ ಕೇಕ್ ಅಂತ ಮೂರು ಹೆಸರು ಇಡುತ್ತಾರೆ. ನೋಡಲು ಎಲ್ಲರನ್ನೂ ಸೇರಿಸಿಕೊಂಡಂತೆ ಕಾಣುತ್ತದೆ, ಆದರೆ ಅಪ್ಪ ಮಗಳು ಇಬ್ಬರೇ ಇರುವ ಮನೆಯವರು ಯಾವುದನ್ನು ಕೇಳಬೇಕು? ಚಿಕ್ಕ ಕೇಕ್ ಬೇಕೆಂದರೆ "ಕಪಲ್ ಕೇಕ್ ಕೊಡಿ" ಅನ್ನಬೇಕಾಗುತ್ತದೆ. ಅದಕ್ಕೇ ಸಂಬಂಧದ ಹೆಸರು ಬಿಟ್ಟು ತಲೆ ಲೆಕ್ಕದಲ್ಲಿ ಬರೆಯಿರಿ. ಅರ್ಧ ಕೆಜಿ ಕೇಕ್ ನಾಲ್ಕೈದು ಜನಕ್ಕೆ, ಒಂದು ಕೆಜಿ ಎಂಟು ಹತ್ತು ಜನಕ್ಕೆ ಆಗುತ್ತದೆ. ಇಬ್ಬರಿಗಾದರೆ ಕಾಲು ಕೆಜಿ ಸಾಕು.

ರಿಯಾಯಿತಿ ಮೂರಕ್ಕೂ ಒಂದೇ ಇರಲಿ. ಇಬ್ಬರ ಕೇಕ್‌ಗೆ 20, ಉಳಿದವಕ್ಕೆ 10 ಅಂತ ಇಟ್ಟರೆ ಮೆಸೇಜಿನಲ್ಲಿ ಎಷ್ಟು ಸಿಹಿ ಮಾತಾಡಿದರೂ ಜನ ಬೆಲೆಯನ್ನೇ ಓದುತ್ತಾರೆ. ನಾವಂತೂ ಈ ಸಲ ರಿಯಾಯಿತಿ ಬಿಟ್ಟು, ಯಾವ ಕೇಕ್ ಕೊಂಡರೂ ಕೈಬರಹದ ಒಂದು ಕಾರ್ಡ್ ಉಚಿತ ಅಂತ ಇಟ್ಟಿದ್ದೇವೆ. ಆಕಾರದ ಮಾತೂ ಅಷ್ಟೇ. ಹಾರ್ಟ್ ಇರಲಿ, ಜೊತೆಗೆ ಗುಂಡು, ಚೌಕಾನೂ ಇರಲಿ. ಹಾಸ್ಟೆಲ್ ಗುಂಪಿಗೆ ಚೌಕದ ಕೇಕೇ ಒಳ್ಳೆಯದು. ಸಮನಾಗಿ ತುಂಡು ಬೀಳುತ್ತದೆ, ಜಗಳ ಇಲ್ಲ.

ಬರೀ ಲೆಕ್ಕ ಇಟ್ಟರೆ ಮೆಸೇಜು ದರಪಟ್ಟಿ ಆಗಿಬಿಡುತ್ತದೆ. "ಇದು ನನಗೇ ಹೇಳಿದ್ದು" ಅಂತ ಓದುವವರಿಗೆ ಅನಿಸಬೇಕಲ್ವಾ? ಅದಕ್ಕೆ ಒಂದೇ ಸಾಲಿನಲ್ಲಿ ಮೂರು ಜನರನ್ನು ತೋರಿಸಿ. "ಕುಟುಂಬದವರಿಗೆ, ಸ್ನೇಹಿತರಿಗೆ" ಅಂದರೆ ಯಾರ ಮುಖವೂ ಕಣ್ಣಿಗೆ ಬರುವುದಿಲ್ಲ. "ಪರೀಕ್ಷೆ ಹಿಂದಿನ ರಾತ್ರಿ ನೋಟ್ಸ್ ಕೊಟ್ಟ ರೂಮ್‌ಮೇಟ್‌ಗೆ" ಅಂದರೆ ಬರುತ್ತದೆ. ಜೋಡಿಗಳನ್ನು ಮಾತ್ರ ಈ ಸಾಲಿನಿಂದ ಕೈಬಿಡಬೇಡಿ, ದಿನ ಅವರದೇ ತಾನೇ, ಅವರನ್ನೇ ಮೊದಲು ಹೇಳಿ. ಈಗ ಮೆಸೇಜು ಹೀಗಾಯಿತು:

"ಫೆಬ್ರವರಿ 14, ಭಾನುವಾರ. ಕೇಕ್ ಯಾರಿಗೆ?
ನಿಮ್ಮವರಿಗೆ, ನೋಟ್ಸ್ ಕೊಟ್ಟು ಕಾಪಾಡಿದ ರೂಮ್‌ಮೇಟ್‌ಗೆ, ಸಿಹಿ ಬೇಡ ಅನ್ನುತ್ತಲೇ ಎರಡು ತುಂಡು ತಿನ್ನುವ ಅಜ್ಜಿಗೆ.
ಇಬ್ಬರಿಗೆ ಕಾಲು ಕೆಜಿ 250 ರೂ. ನಾಲ್ಕೈದು ಜನಕ್ಕೆ ಅರ್ಧ ಕೆಜಿ 450 ರೂ. ಎಂಟು ಹತ್ತು ಜನಕ್ಕೆ ಒಂದು ಕೆಜಿ 850 ರೂ.
ಎಲ್ಲವೂ ಎಗ್‌ಲೆಸ್. ನಿಮ್ಮ ಮಾತು ಬರೆದ ಕಾರ್ಡ್ ಉಚಿತ.
ಆರ್ಡರ್ 12ನೇ ತಾರೀಕು ರಾತ್ರಿ 8ರ ತನಕ."

ಎಗ್‌ಲೆಸ್ ಅಂತ ಸುಮ್ನೆ ಹಾಕಿದ್ದಲ್ಲ. ನಮ್ಮೂರಲ್ಲಿ ಮೊಟ್ಟೆ ಮುಟ್ಟದ ಮನೆಗಳು ಬಹಳ, ಅಜ್ಜಿಗೆ ಕೇಕ್ ಅಂದಮೇಲೆ ಮೊದಲ ಪ್ರಶ್ನೆಯೇ ಅದು. ಮೊಟ್ಟೆ ಹಾಕಿದ್ದೂ ಮಾಡುತ್ತೀರಾದರೆ ಯಾವುದು ಯಾವುದು ಅಂತ ಬಿಡಿಸಿ ಹೇಳಿ.

ಮೊದಲ ಸಾಲಲ್ಲಿ ಅಂಗಡಿ ಹೆಸರು, ಹೂವು, ಹಾರ್ಟ್ ಚಿತ್ರಗಳನ್ನು ತುಂಬಬೇಡಿ. ನೋಟಿಫಿಕೇಶನ್‌ನಲ್ಲಿ ಕಾಣುವುದು ಮೊದಲ ಒಂದೆರಡು ಸಾಲು, ಪ್ರಶ್ನೆ ಅಲ್ಲೇ ಇರಬೇಕು. ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ ಕಳಿಸುತ್ತೀರಾದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಫೋಟೋದಲ್ಲಿ ಜೋಡಿಯ ಕೈಗಳಿದ್ದರೆ ಮೇಲಿನ ಬರಹವೆಲ್ಲ ದಂಡ. ಕತ್ತರಿಸಿದ ಕೇಕು, ನಾಲ್ಕು ತಟ್ಟೆ, ಅಷ್ಟು ತೋರಿಸಿ.

ಕೌಂಟರಿನಲ್ಲಿ ಕೆಡದಂತೆ ನೋಡಿಕೊಳ್ಳಿ. ಮೆಸೇಜು ಎಲ್ಲರನ್ನೂ ಕರೆದು, ಕೌಂಟರಿನ ಹುಡುಗ "ಲವರ್‌ಗಾ ಅಣ್ಣಾ?" ಅಂದರೆ ಮುಗಿಯಿತು. "ಎಷ್ಟು ಜನಕ್ಕೆ? ಮೇಲೆ ಏನು ಬರೀಬೇಕು?" ಈ ಎರಡು ಪ್ರಶ್ನೆ ಸಾಕು ಅಂತ ಹೇಳಿಕೊಡಿ. ಮೇಲೆ ಬರೆಯುವ ಮಾತು ಎರಡು ಚಿಕ್ಕ ಸಾಲು ಮೀರದಿರಲಿ. ಕನ್ನಡದಲ್ಲಿ ಬರೆಯಬೇಕೆಂದರೆ ಕೇಕ್ ಮಾಸ್ಟರ್ ಮೊದಲು ಬಟರ್ ಪೇಪರ್ ಮೇಲೆ ಒಮ್ಮೆ ಬರೆದು ನೋಡಲಿ. "ಪ್ರೀತಿ"ಯ ಒತ್ತು, "ಅಮ್ಮ"ನ ಒತ್ತು ಕೆಳಗೆ ಇಳಿಯುತ್ತವೆ, ಜಾಗ ಬಿಡದಿದ್ದರೆ ಕೆಳಗಿನ ಸಾಲಿನ ಮೇಲೆ ಕ್ರೀಮ್ ಮುದ್ದೆಯಾಗಿ ಕೂರುತ್ತದೆ.

ಮನೆಗೆ ತಲುಪಿಸುವಾಗ ಇನ್ನೊಂದು ವಿಷಯ. ಕೇಕ್ ಪಡೆಯುವವರ ಮನೆಯಲ್ಲಿ ಬಾಗಿಲು ತೆಗೆಯುವವರು ಯಾರೋ ನಮಗೆ ಗೊತ್ತಿರುವುದಿಲ್ಲ. ಡಬ್ಬದ ಮೇಲೆ ಏನೂ ಬರೆದಿರದಿರಲಿ, ಕಾರ್ಡು ಮುಚ್ಚಿದ ಕವರಿನಲ್ಲಿ ಇರಲಿ. ತಂದವನು "ಬೇಕರಿಯಿಂದ ಪಾರ್ಸೆಲ್" ಅಂದರೆ ಸಾಕು. ಕೇಕಿನ ಫೋಟೋ ಸ್ಟೇಟಸ್‌ಗೆ ಹಾಕುವ ಮುಂಚೆ ಹೆಸರು ಕಾಣುತ್ತದಾ ನೋಡಿ, ಕೊಂಡವರನ್ನು ಕೇಳಿ.

ಮೆಸೇಜು ಕೆಲಸ ಮಾಡಿತೋ ಇಲ್ಲವೋ ಅಂತ ತಿಳಿಯಲು ಆರ್ಡರ್ ಪುಸ್ತಕದಲ್ಲಿ ಕೇಕಿನ ಮೇಲೆ ಏನು ಬರೆಸಿದರು ಅಂತ ಒಂದು ಕಾಲಂ ಹಾಕಿ, ಹೆಸರು ಬೇಡ, ಮಾತು ಮಾತ್ರ. ಎಲ್ಲಾ "ಐ ಲವ್ ಯೂ" ಆಗಿದ್ದರೆ ಮೂರು ಜನರ ಆ ಸಾಲು ಯಾರಿಗೂ ಮುಟ್ಟಿಲ್ಲ ಅಂತ ಅರ್ಥ. ನಡುನಡುವೆ "ಥ್ಯಾಂಕ್ಸ್ ಅಕ್ಕಾ" ಅಂಥದ್ದು ಕಂಡರೆ ಅದನ್ನು ಗುರುತು ಹಾಕಿಡಿ, ಮುಂದಿನ ವರ್ಷದ ಆ ಸಾಲಿಗೆ ಅಕ್ಕ ಬರಲಿ.